ಒಂದೇ ಪುಸ್ತಕ ನಲವತ್ತು ಸಲ

ಕಂಪ್ಯೂಟರ್‌ನಲ್ಲಿ ಕಟ್ಟಿದ ಪುಸ್ತಕದ ಕಪಾಟು ಜಾಹೀರಾತಿನಲ್ಲೋ ಅನಿಮೇಷನ್ ಚಿತ್ರದಲ್ಲೋ ಕಾಣಿಸಿಕೊಂಡಾಗ ಕೆಲವೊಮ್ಮೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಬೆಳಕು ಚೆನ್ನಾಗಿದೆ, ಹಲಗೆಯ ಮೇಲಿನ ಮರದ ಗೆರೆಗಳೂ ಚೆನ್ನಾಗಿವೆ. ಸ್ವಲ್ಪ ಹೊತ್ತು ನೋಡಿದರೆ ಕಾರಣ ಗೊತ್ತಾಗುತ್ತದೆ. ಮೇಲಿನ ಸಾಲಿನಲ್ಲಿ ಬೆನ್ನಿನ ತುದಿ ಹರಿದ ಪುಸ್ತಕವೊಂದಿದೆ. ಕೆಳಗಿನ ಸಾಲಿನಲ್ಲೂ ಅದೇ ಜಾಗದಲ್ಲಿ ಹರಿದ ಪುಸ್ತಕವಿದೆ, ಮೂರನೆಯ ಸಾಲಿನಲ್ಲೂ ಇದೆ. ಒಮ್ಮೆ ಅದು ಕಣ್ಣಿಗೆ ಬಿತ್ತೆಂದರೆ ಮುಗಿಯಿತು, ಆಮೇಲೆ ಕಪಾಟಿನಲ್ಲಿ ಬೇರೇನೂ ಕಾಣುವುದಿಲ್ಲ.

ಹಾಗಾದರೆ ಪ್ರತಿಯೊಂದು ಪುಸ್ತಕವನ್ನೂ ಬೇರೆಬೇರೆಯಾಗಿ ಮಾಡಬಾರದೇ? ಸಮಯ ಸಾಲದು ಎನ್ನುವುದು ಒಂದು ಉತ್ತರ. ಕಂಪ್ಯೂಟರ್‌ನ ನೆನಪು ಸಾಲದು ಎನ್ನುವುದು ಇನ್ನೊಂದು. ಒಂದು ಪುಸ್ತಕದ ಆಕಾರವನ್ನು ಒಮ್ಮೆ ಮಾತ್ರ ಇಟ್ಟುಕೊಂಡು, ಉಳಿದ ಕಡೆಯಲ್ಲೆಲ್ಲ ‘ಅದನ್ನೇ ಇಲ್ಲಿ, ಇಷ್ಟು ದೊಡ್ಡದಾಗಿ, ಇಷ್ಟು ತಿರುಗಿಸಿ ತೋರಿಸು’ ಎಂಬ ಸೂಚನೆಯನ್ನಷ್ಟೇ ಇಡುವುದು ಈ ಕಸುಬಿನ ರೂಢಿ. ಹೀಗೆ ಮೂಡುವ ಪ್ರತಿಗೆ ಇನ್‌ಸ್ಟೆನ್ಸ್ ಎನ್ನುತ್ತಾರೆ. ‘ಮೋನಾ’ ಚಿತ್ರದ ದ್ವೀಪದ ದೃಶ್ಯವೊಂದರ ಪೂರ್ತಿ ದತ್ತಾಂಶವನ್ನು ಡಿಸ್ನಿ ಸಂಸ್ಥೆ 2018ರಲ್ಲಿ ಸಂಶೋಧಕರಿಗಾಗಿ ಬಿಡುಗಡೆ ಮಾಡಿತು. ಅದರಲ್ಲಿ ಇಂಥ ಪ್ರತಿಗಳೇ 2.8 ಕೋಟಿಗೂ ಹೆಚ್ಚಿವೆ. ಎಲ್ಲವನ್ನೂ ಬಿಡಿಸಿ ಲೆಕ್ಕ ಹಾಕಿದರೆ ಚಿತ್ರದ ಸಣ್ಣ ತುಣುಕುಗಳ ಸಂಖ್ಯೆ 1,500 ಕೋಟಿ ದಾಟುತ್ತದೆ. ಪ್ರತಿ ಮಾಡದೆ ಅಂಥ ದ್ವೀಪವನ್ನು ಕಟ್ಟುವುದು ಸಾಧ್ಯವೇ ಇರಲಿಲ್ಲ. ಆದ್ದರಿಂದ ಪ್ರತಿ ಮಾಡಬೇಕೇ ಬೇಡವೇ ಎಂಬ ಪ್ರಶ್ನೆಯೇ ಏಳುವುದಿಲ್ಲ. ಮಾಡಿದ್ದು ಗೊತ್ತಾಗದಂತೆ ನೋಡಿಕೊಳ್ಳುವುದು ಹೇಗೆ ಎಂಬುದೇ ಇಲ್ಲಿಯ ಕೆಲಸ.

ಹೊಸಬರು ಸಾಮಾನ್ಯವಾಗಿ ಹಿಡಿಯುವ ದಾರಿ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಸುವುದು. ಗಾತ್ರ, ಕೋನ, ಬಣ್ಣ ಎಲ್ಲಕ್ಕೂ ದಾಳ ಉರುಳಿಸಿಬಿಡುತ್ತಾರೆ. ಫಲವಾಗಿ ಪ್ರತಿಗಳು ಮರೆಯಾಗುತ್ತವೆ, ಆದರೆ ಕಪಾಟು ಕಪಾಟಿನಂತೆ ಉಳಿಯುವುದಿಲ್ಲ. ನನ್ನ ಮಟ್ಟಿಗೆ ಈ ಕೆಲಸದ ತಿರುಳಿರುವುದು ಒಂದೇ ಪ್ರಶ್ನೆಯಲ್ಲಿ: ನಿಜವಾದ ಕಪಾಟಿನಲ್ಲಿ ಈ ಎರಡು ಪುಸ್ತಕಗಳು ಬೇರೆಯಾಗಿ ಕಾಣುವುದಕ್ಕೆ ಕಾರಣವೇನು? ಆ ಕಾರಣ ಗೊತ್ತಾದ ಮೇಲೆಯೇ ದಾಳಕ್ಕೆ ಕೈ ಹಾಕಬೇಕು.

ನಮ್ಮ ಮನೆಗಳ ಕನ್ನಡ ಪುಸ್ತಕಗಳ ಕಪಾಟನ್ನೇ ತೆಗೆದುಕೊಳ್ಳೋಣ. ಅದನ್ನು ಬ್ಲೆಂಡರ್‌ನಲ್ಲಿ ಕಟ್ಟುತ್ತಿದ್ದೇವೆ ಎಂದಿಟ್ಟುಕೊಳ್ಳಿ. ಅದು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದಾದ 3ಡಿ ತಂತ್ರಾಂಶ. ಸಾಲಿನ ಉದ್ದ 75 ಸೆಂಟಿಮೀಟರ್.

ಮೊದಲು ಎತ್ತರ. 18ರಿಂದ 25 ಸೆಂಟಿಮೀಟರ್ ನಡುವೆ ಎಷ್ಟು ಬೇಕಾದರೂ ಇರಲಿ ಎಂದು ಬಿಟ್ಟರೆ ಸಾಲಿನ ಮೇಲಂಚು ಗರಗಸದ ಹಲ್ಲಿನಂತೆ ಕಾಣುತ್ತದೆ. ಮುದ್ರಣಾಲಯಗಳು ಹಾಗೆ ಮನಬಂದ ಅಳತೆಯಲ್ಲಿ ಕಾಗದ ಕತ್ತರಿಸುವುದಿಲ್ಲ. ಕನ್ನಡದ ಬಹುಪಾಲು ಪುಸ್ತಕಗಳು ಡೆಮಿ 1/8 ಇಲ್ಲವೇ ಕ್ರೌನ್ 1/8 ಆಕಾರದವು. ಮೊದಲನೆಯದರ ಎತ್ತರ ಸುಮಾರು 21.5 ಸೆಂಟಿಮೀಟರ್, ಎರಡನೆಯದರದು ಸುಮಾರು 18. ಮಕ್ಕಳ ಪುಸ್ತಕ, ಚಿತ್ರಗಳಿರುವ ಪುಸ್ತಕ ಬಂದರೆ ಕ್ರೌನ್ 1/4, ಅಂದರೆ ಸುಮಾರು 24. ಹಾಗಾಗಿ ಎತ್ತರಕ್ಕೆ ಮೂರೇ ಬೆಲೆಗಳು ಸಾಕು. ಬೈಂಡಿಂಗಿನ ವ್ಯತ್ಯಾಸಕ್ಕೆಂದು ಒಂದೆರಡು ಮಿಲಿಮೀಟರ್ ಆಚೀಚೆ ಇದ್ದರಾಯಿತು. ವೈವಿಧ್ಯ ಕಡಿಮೆಯಾದಾಗ ನಿಜಕ್ಕೆ ಹತ್ತಿರವಾಗುವುದು ಮೊದಲ ಸಲ ನೋಡುವವರಿಗೆ ಅಚ್ಚರಿಯೆನಿಸಬಹುದು. ಆದರೆ ಕಣ್ಣು ಎಷ್ಟೋ ವರ್ಷಗಳಿಂದ ಈ ಮೂರು ಎತ್ತರಗಳನ್ನೇ ನೋಡಿ ಪಳಗಿದೆ.

ದಪ್ಪದ ಕಾರಣ ಬೇರೆ. ಅದು ಪುಟಗಳ ಸಂಖ್ಯೆಯನ್ನು ಅವಲಂಬಿಸಿದೆ. ಕವನ ಸಂಕಲನ, ನಾಟಕ, ಸಣ್ಣ ಕಾದಂಬರಿಗಳೇ ಕಪಾಟಿನಲ್ಲಿ ಹೆಚ್ಚು, ಹೆಬ್ಬೊತ್ತಗೆಗಳು ಅಲ್ಲೊಂದು ಇಲ್ಲೊಂದು. ಆದ್ದರಿಂದ 0.8ರಿಂದ 4 ಸೆಂಟಿಮೀಟರ್‌ವರೆಗೆ ದಾಳ ಉರುಳಿಸುವಾಗ ಅದು ತೆಳುವಿನ ಕಡೆಗೆ ವಾಲಬೇಕು. ಅದಕ್ಕೊಂದು ಸುಲಭ ಉಪಾಯವಿದೆ. 0ಯಿಂದ 1ರೊಳಗೆ ಬಂದ ಸಂಖ್ಯೆಯನ್ನು ಅದರಿಂದಲೇ ಗುಣಿಸಿ ಆಮೇಲೆ ಬಳಸುವುದು. 0.5 ಬಂದರೆ ಅದು 0.25 ಆಗುತ್ತದೆ, 0.9 ಬಂದರೆ 0.81 ಆಗಿ ಹೆಚ್ಚುಕಡಿಮೆ ಅಲ್ಲೇ ಉಳಿಯುತ್ತದೆ. ಹೀಗೆ ಮಾಡಿದಾಗ ಸರಾಸರಿ ದಪ್ಪ 1.9 ಸೆಂಟಿಮೀಟರ್‌ಗೆ ಹತ್ತಿರವಿರುತ್ತದೆ, 75 ಸೆಂಟಿಮೀಟರ್ ಸಾಲಿಗೆ ಸುಮಾರು ನಲವತ್ತು ಪುಸ್ತಕ ಹಿಡಿಸುತ್ತವೆ.

ಒಂದೇ ಮಾದರಿಯನ್ನು 0.8ರಿಂದ 4ರವರೆಗೂ ಹಿಗ್ಗಿಸಿದರೆ ಬೆನ್ನಿನ ಮೇಲಿನ ಅಕ್ಷರಗಳೂ ಹಿಗ್ಗಿ ಚಪ್ಪಟೆಯಾಗುತ್ತವೆ. ಪ್ರತಿ ಎಂಬುದನ್ನು ಸಾರಿ ಹೇಳುವುದು ಮುಖ್ಯವಾಗಿ ಇದೇ. ತೆಳು, ಮಧ್ಯಮ, ದಪ್ಪ ಎಂದು ಬೇರೆಬೇರೆ ಮಾದರಿಗಳನ್ನು ಮಾಡಿಕೊಂಡು ಒಂದೊಂದನ್ನೂ ಸ್ವಲ್ಪವೇ ಹಿಗ್ಗಿಸುವುದು ಒಳ್ಳೆಯದು. ಹರಿದ ತುದಿ, ಚಹಾದ ಕಲೆ, ಗ್ರಂಥಾಲಯದ ಚೀಟಿಯಂಥ ಎದ್ದು ಕಾಣುವ ಗುರುತುಗಳನ್ನು ಮೂಲ ಮಾದರಿಯ ಮೇಲೆ ಹಾಕಲೇಬಾರದು. ಅವು ಪ್ರತಿಯೊಂದಿಗೆ ಎಲ್ಲ ಕಡೆಗೂ ಹೋಗುತ್ತವೆ. ಮೂಲವನ್ನು ಸಾದಾ ಇಟ್ಟು, ಕೊನೆಗೆ ಆಯ್ದ ಕೆಲವು ಪುಸ್ತಕಗಳಿಗೆ ಮಾತ್ರ ಗುರುತು ಹಚ್ಚಬೇಕು.

ದಪ್ಪ ಬೇರೆಬೇರೆಯಾದ ಮೇಲೆ ಪುಸ್ತಕಗಳನ್ನು ಸಮ ಅಂತರದಲ್ಲಿ ನಿಲ್ಲಿಸಲು ಆಗುವುದಿಲ್ಲ, ಒಂದರೊಳಗೆ ಇನ್ನೊಂದು ತೂರಿಕೊಳ್ಳುತ್ತದೆ. ಪ್ರತಿ ಪುಸ್ತಕವೂ ತನಗಿಂತ ಹಿಂದಿನ ಎಲ್ಲ ಪುಸ್ತಕಗಳ ದಪ್ಪದ ಮೊತ್ತ ಎಲ್ಲಿಗೆ ಮುಗಿಯುತ್ತದೋ ಅಲ್ಲಿಂದ ಶುರುವಾಗಬೇಕು. ಬ್ಲೆಂಡರ್‌ನಲ್ಲಿ `Accumulate Field` ಎಂಬ ನೋಡ್ ಈ ಮೊತ್ತವನ್ನು ಇಡುತ್ತಾ ಹೋಗುತ್ತದೆ. ಅದರ `Trailing` ಎಂಬ ಹೊರಗುಂಡಿಯಲ್ಲಿ ಸಿಗುವುದು ಹಿಂದಿನವುಗಳ ಮೊತ್ತ. ಪುಸ್ತಕದ ಮಧ್ಯಬಿಂದು ನಿಲ್ಲಬೇಕಾದ ಜಾಗ ಇಷ್ಟು:

```
x = Trailing + ದಪ್ಪ / 2
```

ಈಗ ಹೊದಿಕೆಗೆ ಬರೋಣ. ನಮ್ಮಲ್ಲಿ ಆರು ಬಗೆಯ ಹೊದಿಕೆಗಳಿವೆ ಎನ್ನಿ. ನಲವತ್ತು ಪುಸ್ತಕಕ್ಕೆ ಆರರಲ್ಲಿ ಒಂದನ್ನು ಎತ್ತಿಕೊಳ್ಳುವ ಕೆಲಸವನ್ನು ಪೂರ್ತಿ ದಾಳಕ್ಕೇ ಬಿಟ್ಟರೆ ಪಕ್ಕಪಕ್ಕದಲ್ಲಿ ಒಂದೇ ಹೊದಿಕೆ ಬೀಳದೆ ಇರುತ್ತದೆಯೇ? ಮೊದಲ ಪುಸ್ತಕ ಯಾವುದಾದರೂ ಆಗಬಹುದು. ಆಮೇಲಿನ ಪ್ರತಿಯೊಂದೂ ತನ್ನ ಎಡಗಡೆಯದಕ್ಕಿಂತ ಬೇರೆಯಾಗುವ ಸಾಧ್ಯತೆ ಆರರಲ್ಲಿ ಐದು. ಹೀಗೆ ಮೂವತ್ತೊಂಬತ್ತು ಸಲ ಆಗಬೇಕು. 5/6ನ್ನು ಅಷ್ಟು ಸಲ ಗುಣಿಸಿದರೆ ಬರುವುದು ಸಾವಿರದಲ್ಲಿ ಒಂದಕ್ಕಿಂತಲೂ ಕಡಿಮೆ. ಸರಾಸರಿ ಆರೇಳು ಕಡೆ ಅವಳಿಗಳು ಅಂಟಿಕೊಂಡೇ ನಿಲ್ಲುತ್ತವೆ. ದಾಳಕ್ಕೆ ಹಿಂದಿನದರ ನೆನಪಿಲ್ಲ, ನೋಡುವ ಕಣ್ಣಿಗೆ ಇದೆ.

ದೂರದಲ್ಲಿರುವ, ಬೇರೆ ಕೆಲಸಕ್ಕೆ ನಿಂತಿರುವ ಪ್ರತಿಯನ್ನು ಕಣ್ಣು ಸುಲಭವಾಗಿ ಕ್ಷಮಿಸುತ್ತದೆ. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ ಆಟದಲ್ಲಿ ಆಕಾಶದ ಮೋಡ ಮತ್ತು ನೆಲದ ಪೊದೆ ಎರಡಕ್ಕೂ ಒಂದೇ ಚಿತ್ರ. ಮೋಡಕ್ಕೆ ಬಿಳಿ, ಪೊದೆಗೆ ಹಸಿರು, ಅಷ್ಟೇ ವ್ಯತ್ಯಾಸ. ವರ್ಷಗಟ್ಟಲೆ ಆಡಿದವರಲ್ಲೂ ಎಷ್ಟೋ ಜನರಿಗೆ ಇದು ಹೊಳೆದಿರಲಿಲ್ಲ. ಅದೇ ಎರಡನ್ನು ಒಂದೇ ಬಣ್ಣದಲ್ಲಿ ಅಕ್ಕಪಕ್ಕ ಇಟ್ಟಿದ್ದರೆ ಮಗುವೂ ಬೆರಳು ತೋರಿಸುತ್ತಿತ್ತು. ಆದ್ದರಿಂದ ನಾವು ಮೊದಲು ತಪ್ಪಿಸಬೇಕಾದದ್ದು ನೆರೆಹೊರೆಯ ಅವಳಿಗಳನ್ನು.

ಅದಕ್ಕೆ ಅಚ್ಚುಕಟ್ಟಾದ ಉಪಾಯವೊಂದಿದೆ. ಹೊದಿಕೆಗಳಿಗೆ 0ಯಿಂದ 5ರವರೆಗೆ ಸಂಖ್ಯೆ ಕೊಡಿ. ಪ್ರತಿ ಪುಸ್ತಕಕ್ಕೂ ನೇರವಾಗಿ ಹೊದಿಕೆಯನ್ನು ಆರಿಸುವ ಬದಲು, ಹಿಂದಿನದರಿಂದ ಎಷ್ಟು ಮುಂದೆ ಜಿಗಿಯಬೇಕು ಎಂಬುದನ್ನು 1ರಿಂದ 5ರೊಳಗೆ ಆರಿಸಿ. 5 ದಾಟಿದರೆ ಸುತ್ತಿ ಮತ್ತೆ 0ಯಿಂದ ಎಣಿಸಿ. ಮೊದಲನೆಯದು 2 ಆಗಿ, ಜಿಗಿತ 4 ಬಂದರೆ 2ಕ್ಕೆ 4 ಸೇರಿ 6, ಅಂದರೆ ಸುತ್ತಿ 0. ಮುಂದಿನ ಜಿಗಿತ 3 ಬಂದರೆ ಹೊದಿಕೆ 3. ಆಮೇಲಿನದು 5 ಬಂದರೆ 8, ಸುತ್ತಿದರೆ 2. ನಿಂತಲ್ಲೇ ನಿಲ್ಲಬೇಕಾದರೆ 0 ಅಥವಾ 6 ಜಿಗಿಯಬೇಕು, ಅವೆರಡೂ ದಾಳದಲ್ಲಿಲ್ಲ. ಹೀಗಾಗಿ ಪಕ್ಕದಲ್ಲಿ ಅದೇ ಹೊದಿಕೆ ಬರುವುದು ಸಾಧ್ಯವೇ ಇಲ್ಲ. ಜಿಗಿತಗಳನ್ನು ಕೂಡಿಸುತ್ತಾ ಹೋಗಲು ಮೇಲೆ ಹೇಳಿದ `Accumulate Field` ನೋಡನ್ನೇ ಬಳಸಬಹುದು. ಒಂದು ಬಿಟ್ಟು ಒಂದು ಅದೇ ಹೊದಿಕೆ ಬರುವುದನ್ನು ಈ ಉಪಾಯ ತಡೆಯುವುದಿಲ್ಲ. ಅದನ್ನು ದಪ್ಪ ಮತ್ತು ಬಣ್ಣದ ವ್ಯತ್ಯಾಸಗಳು ಸಾಮಾನ್ಯವಾಗಿ ಮುಚ್ಚುತ್ತವೆ.

ಸಾಮಾನ್ಯವಾಗಿ ಎಂದೆ, ಏಕೆಂದರೆ ಇಲ್ಲಿ ಹೆಚ್ಚಿನವರು ಎಡವುವ ಜಾಗವೊಂದಿದೆ. ಕಂಪ್ಯೂಟರ್‌ನ ದಾಳ ನಿಜವಾದ ದಾಳವಲ್ಲ. ಸೀಡ್ ಎಂಬ ಒಂದು ಸಂಖ್ಯೆ, ಆ ವಸ್ತುವಿನ ಕ್ರಮಸಂಖ್ಯೆ, ಇವೆರಡನ್ನೂ ಕೊಟ್ಟರೆ ಅದು ಯಾವಾಗಲೂ ಅದೇ ಉತ್ತರ ಕೊಡುತ್ತದೆ. ಹಾಗೆ ಕೊಡಲೇಬೇಕು. ಇಲ್ಲದಿದ್ದರೆ ಚಲನಚಿತ್ರದ ಒಂದೊಂದು ಚೌಕಟ್ಟಿನಲ್ಲೂ ಕಪಾಟು ಹೊಸದಾಗಿ ಕಲಸಿಕೊಂಡು ಮಿಣುಗುತ್ತದೆ. ಆದರೆ ದಪ್ಪಕ್ಕೊಂದು, ಎತ್ತರಕ್ಕೊಂದು, ಬಣ್ಣಕ್ಕೊಂದು ಎಂದು ಮೂರು `Random Value` ನೋಡ್‌ಗಳನ್ನು ಇಟ್ಟು, ಮೂರರಲ್ಲೂ `Seed` 0 ಎಂದೇ ಬಿಟ್ಟರೆ ಏನಾಗುತ್ತದೆ? ಮೂರೂ ಒಳಗೊಳಗೆ ಒಂದೇ ಸಂಖ್ಯೆಯನ್ನು ಎತ್ತುತ್ತವೆ. ದಪ್ಪವಿರುವ ಪುಸ್ತಕವೆಲ್ಲ ಎತ್ತರವೂ ಆಗುತ್ತದೆ, ಎತ್ತರವಾದದ್ದೆಲ್ಲ ಕೆಂಪಾಗುತ್ತದೆ. ತೆಳುವಾದದ್ದೆಲ್ಲ ಗಿಡ್ಡ ಮತ್ತು ನೀಲಿ. ಮೂರು ಬಗೆಯ ವ್ಯತ್ಯಾಸ ಹಾಕಿದೆವೆಂದು ನಾವು ಅಂದುಕೊಂಡಿರುತ್ತೇವೆ, ಸಿಕ್ಕಿದ್ದು ಒಂದೇ. ಲಕ್ಷಣ ಹಿಡಿಯುವುದು ಕಷ್ಟವಿಲ್ಲ. ಅತಿ ದಪ್ಪದ ನಾಲ್ಕೈದು ಪುಸ್ತಕಗಳನ್ನು ಹುಡುಕಿ ನೋಡಿ. ಅವೆಲ್ಲ ಒಂದೇ ಬಣ್ಣದ ಆಸುಪಾಸಿನಲ್ಲಿದ್ದರೆ ಸೀಡ್‌ಗಳು ಒಂದೇ ಆಗಿವೆ ಎಂದರ್ಥ. 1, 2, 3 ಎಂದು ಬೇರೆಬೇರೆ ಕೊಟ್ಟರೆ ಆಯಿತು.

ಕಪಾಟಿನ ಸಾಲುಗಳು ಒಂದರ ಕೆಳಗೊಂದು ಒಂದೇ ಥರ ಕಾಣುವುದಕ್ಕೂ ಕಾರಣ ಇದೇ. ಒಂದು ಸಾಲನ್ನು ಮಾಡಿ ಅದನ್ನೇ ಐದು ಸಲ ಪ್ರತಿ ಮಾಡಿದಾಗ ಅದರೊಳಗಿನ ಸೀಡ್ ಕೂಡ ಪ್ರತಿಯಾಗುತ್ತದೆ. ಮೇಲಿನಿಂದ ಕೆಳಗೆ ಐದು ಹೆಬ್ಬೊತ್ತಗೆಗಳು ಕಂಬದಂತೆ ನಿಲ್ಲುತ್ತವೆ. ಸಾಲಿಗೊಂದು ಸೀಡ್ ಇರಲೇಬೇಕು.

ಬಣ್ಣದ ಮಾತು. ಕಾಮನಬಿಲ್ಲಿನ ಎಲ್ಲ ಬಣ್ಣಗಳಿಗೂ ಸಮನಾದ ಅವಕಾಶ ಕೊಟ್ಟರೆ ಕಪಾಟು ಬಣ್ಣದ ಪೆನ್ಸಿಲ್ ಡಬ್ಬಿಯಾಗುತ್ತದೆ. ನಿಜವಾದ ಕಪಾಟಿನ ಒಂದು ಫೋಟೋ ತೆಗೆದು, ಅದರಿಂದ ಏಳೆಂಟು ಬಣ್ಣಗಳನ್ನು ಎತ್ತಿಕೊಂಡು, ಅವುಗಳಲ್ಲಿ ಮಾತ್ರ ಆರಿಸಿಕೊಳ್ಳುವಂತೆ ಮಾಡುವುದು ಸುರಕ್ಷಿತ. ಬೂದು ಬಿಳಿ, ಮಾಸಿದ ಹಳದಿ, ಕಂದು, ಕಡು ನೀಲಿಗಳೇ ಹೆಚ್ಚು ಬರುತ್ತವೆ. `Object Info` ಎಂಬ ನೋಡ್‌ನಲ್ಲಿರುವ `Random` ಪ್ರತಿ ಪುಸ್ತಕಕ್ಕೂ ಒಂದೊಂದು ಸಂಖ್ಯೆ ಕೊಡುತ್ತದೆ, ಆ ಸಂಖ್ಯೆಯಿಂದ ಬಣ್ಣ ಆರಿಸಬಹುದು. ಒಂದು ಎಚ್ಚರಿಕೆ: ಎಲ್ಲ ಪ್ರತಿಗಳನ್ನೂ `Realize Instances` ಹಾಕಿ ನಿಜವಾದ ವಸ್ತುವನ್ನಾಗಿ ಬೆಸೆದುಬಿಟ್ಟರೆ ನಲವತ್ತು ಪುಸ್ತಕಗಳೂ ಸೇರಿ ಒಂದೇ ವಸ್ತುವಾಗುತ್ತವೆ, ಎಲ್ಲಕ್ಕೂ ಒಂದೇ ಬಣ್ಣ ಬಂದುಬಿಡುತ್ತದೆ. ಹಾಗೆ ಬೆಸೆಯುವ ಅಗತ್ಯವಿದ್ದರೆ ಅದಕ್ಕೆ ಮೊದಲೇ `Store Named Attribute` ಬಳಸಿ ಪ್ರತಿಯೊಂದರ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಬೇಕು.

ಅವಳಿಗಳನ್ನು ಇಷ್ಟು ಹೊತ್ತು ಓಡಿಸಿದ ಮೇಲೆ ಕೆಲವನ್ನು ಬೇಕೆಂದೇ ಒಳಗೆ ಕರೆಯಬೇಕು. ಸಮಗ್ರ ಸಾಹಿತ್ಯದ ಸಂಪುಟಗಳು, ನಿಘಂಟಿನ ಭಾಗಗಳು, ಒಂದೇ ಮಾಲೆಯ ಪುಸ್ತಕಗಳು ಇಲ್ಲದ ಕನ್ನಡ ಕಪಾಟು ಅಪರೂಪ. ಅವು ಎತ್ತರ, ಬಣ್ಣ, ಬೆನ್ನಿನ ಪಟ್ಟಿ ಎಲ್ಲದರಲ್ಲೂ ಒಂದೇ. ಸಂಪುಟ ಸಂಖ್ಯೆ ಮಾತ್ರ ಬೇರೆ, ದಪ್ಪದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ. ಇಂಥ ಆರು ಸಂಪುಟ ಒಟ್ಟಿಗೆ ನಿಂತಾಗ ನೋಡುವವರಿಗೆ ಅದು ಪ್ರತಿ ಅನ್ನಿಸುವುದೇ ಇಲ್ಲ, ಏಕೆಂದರೆ ಹಾಗೆ ಇರುವುದಕ್ಕೆ ಕಾರಣ ಅವರಿಗೆ ಗೊತ್ತು.

ಓರೆಯಾಗಿ ನಿಂತ ಪುಸ್ತಕಗಳಿಗೂ ಇದೇ ತರ್ಕ. ಪ್ರತಿ ಪುಸ್ತಕವನ್ನೂ ಮೂರ್ನಾಲ್ಕು ಡಿಗ್ರಿ ಅತ್ತಿತ್ತ ತಿರುಗಿಸಿದರೆ ಅಂಚುಗಳು ಒಂದರೊಳಗೊಂದು ತೂರುತ್ತವೆ. ಪುಸ್ತಕ ವಾಲುವುದು ಪಕ್ಕದಲ್ಲಿ ಜಾಗ ಖಾಲಿಯಾದಾಗ. ಯಾರೋ ಒಂದನ್ನು ಎಳೆದುಕೊಂಡು ಹೋಗಿದ್ದಾರೆ, ಉಳಿದ ಎರಡು ಮೂರು ಆ ಖಾಲಿ ಜಾಗದತ್ತ, ಒಂದೇ ದಿಕ್ಕಿಗೆ, ಒಂದರ ಮೇಲೊಂದು ಒರಗಿವೆ. ಸಾಲಿಗೆ ಇಂಥದ್ದು ಒಂದು ಸಾಕು, ಅದನ್ನು ಕೈಯಿಂದಲೇ ಮಾಡುವುದು ಮೇಲು. ಉಳಿದವು ನೆಟ್ಟಗೆ ನಿಲ್ಲಲಿ, ಒಂದೆರಡು ಮಾತ್ರ ಒಂದು ಸೆಂಟಿಮೀಟರ್ ಒಳಗೋ ಹೊರಗೋ ಸರಿದಿರಲಿ. ಆ ಸರಿತದಿಂದ ಬೀಳುವ ಸಣ್ಣ ನೆರಳುಗಳು ಬಣ್ಣಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ.

ಕಿಟಕಿಗಳ ವಿಷಯಕ್ಕೆ ಬಂದರೆ ಕಾರಣವೂ ಬದಲಾಗುತ್ತದೆ. ಅಪಾರ್ಟ್‌ಮೆಂಟಿನ ಕಿಟಕಿಗಳು ಒಂದೇ ಅಚ್ಚಿನವು. ಚೌಕಟ್ಟನ್ನು ಸ್ವಲ್ಪ ದೊಡ್ಡದು ಚಿಕ್ಕದು ಮಾಡಿದರೆ ಕಟ್ಟಡವೇ ಸೊಟ್ಟಗಾದಂತೆ ಕಾಣುತ್ತದೆ. ವ್ಯತ್ಯಾಸ ಬರುವುದು ಒಳಗೆ ಬದುಕುವವರಿಂದ. ಪರದೆ, ಒಣಗಲು ಹಾಕಿದ ಬಟ್ಟೆ, ದೀಪ. ಹತ್ತು ಮಹಡಿ, ಮಹಡಿಗೆ ನಾಲ್ಕು ಮನೆ, ಮನೆಗೆ ರಸ್ತೆಯತ್ತ ಮೂರು ಕಿಟಕಿ ಇರುವ ಕಟ್ಟಡದ ರಾತ್ರಿಯ ನೋಟ ಬೇಕು ಎನ್ನಿ. 120 ಕಿಟಕಿಗಳಿಗೂ ಬಿಡಿಬಿಡಿಯಾಗಿ ದಾಳ ಉರುಳಿಸಿದರೆ ದೀಪಗಳು ಎಳ್ಳು ಎರಚಿದ ಹಾಗೆ ಎಲ್ಲೆಡೆ ಸಮನಾಗಿ ಹರಡುತ್ತವೆ. ನಿಜದ ಕಟ್ಟಡ ಹಾಗಿರುವುದಿಲ್ಲ. ಊರಿಗೆ ಹೋದವರ ಮನೆಯ ಮೂರೂ ಕಿಟಕಿಗಳು ಒಟ್ಟಿಗೆ ಕತ್ತಲು. ಟ್ಯೂಬ್‌ಲೈಟ್ ಇರುವ ಮನೆಯಲ್ಲಿ ಬೆಳಗಿದ ಕಿಟಕಿಗಳೆಲ್ಲ ಬೆಳ್ಳಗೆ, ಪಕ್ಕದ ಮನೆಯಲ್ಲಿ ಹಳದಿ.

ಇದನ್ನು ಸಾಧಿಸಲು ಕಿಟಕಿಯ ಕ್ರಮಸಂಖ್ಯೆಯನ್ನು, 0ಯಿಂದ ಎಣಿಸುತ್ತಾ, 3ರಿಂದ ಭಾಗಿಸಿ ಶೇಷವನ್ನು ಬಿಟ್ಟುಬಿಡಬೇಕು.

```
ಮನೆ = floor(ಕಿಟಕಿ / 3)
```

0, 1, 2ನೆಯ ಕಿಟಕಿಗಳಿಗೆ ಮನೆ 0. 3, 4, 5ಕ್ಕೆ ಮನೆ 1. ಕೊನೆಯ ಮನೆ 39. ಈ ಸಂಖ್ಯೆಯನ್ನು `Random Value` ನೋಡ್‌ನ `ID` ಎಂಬ ಗುಂಡಿಗೆ ಕೊಟ್ಟರೆ ಒಂದು ಮನೆಯ ಮೂರು ಕಿಟಕಿಗಳಿಗೂ ಒಂದೇ ಉತ್ತರ ಸಿಗುತ್ತದೆ. ಮೊದಲ ದಾಳದಲ್ಲಿ ಮನೆಯಲ್ಲಿ ಜನ ಇದ್ದಾರೆಯೇ ಎಂದು, ಎರಡನೆಯದರಲ್ಲಿ ದೀಪದ ಬಣ್ಣ ಯಾವುದು ಎಂದು ಮನೆಯ ಲೆಕ್ಕದಲ್ಲಿ ತೀರ್ಮಾನವಾಗಲಿ. ಜನ ಇರುವ ಮನೆಗಳಲ್ಲಿ ಮಾತ್ರ ಯಾವ ಕೋಣೆಯ ದೀಪ ಉರಿಯುತ್ತಿದೆ ಎಂಬ ಮೂರನೆಯ ದಾಳ ಕಿಟಕಿಯ ಲೆಕ್ಕದಲ್ಲಿ ಉರುಳಲಿ. ಮೆಟ್ಟಿಲ ಬಳಿಯ ಸಣ್ಣ ಕಿಟಕಿಗಳಿಗೆ ದಾಳವೇ ಬೇಡ, ಅವು ಹತ್ತೂ ಮಹಡಿಯಲ್ಲಿ ಒಂದೇ ನೇರಕ್ಕೆ ಉರಿಯುತ್ತಿರಲಿ. ಕಪಾಟಿನ ಸಂಪುಟಗಳನ್ನು ಗುಂಪು ಮಾಡಲೂ ಈ ಭಾಗಾಕಾರವೇ ಸಾಕು.

ಎಲೆಗಳಲ್ಲಿ ಕಾರಣ ಇನ್ನೂ ಬೇರೆ, ಅಲ್ಲಿ ದಾಳದ ಪಾಲು ಕಡಿಮೆ. ಮಾವಿನ ಮರದ ಚಿಗುರನ್ನು ನೋಡಿ. ತಾಮ್ರದ ಬಣ್ಣದ ಎಳೆಯ ಎಲೆಗಳು ಕೊಂಬೆಯ ತುದಿಯಲ್ಲಿ ಗೊಂಚಲಾಗಿ, ಜೋತುಬಿದ್ದಂತೆ ಇರುತ್ತವೆ. ಒಳಕ್ಕೆ ಹೋದಂತೆ ತಿಳಿಹಸಿರು, ಆಮೇಲೆ ಕಡುಹಸಿರು. ಈ ಬಣ್ಣ ಎಲೆಯ ವಯಸ್ಸನ್ನು ಹೇಳುತ್ತದೆ, ವಯಸ್ಸನ್ನು ಕೊಂಬೆಯ ಮೇಲಿನ ಜಾಗ ಹೇಳುತ್ತದೆ. ಮರದ ತುಂಬ ಕೆಂಪೆಲೆಗಳನ್ನು ಅಡ್ಡಾದಿಡ್ಡಿ ಚೆಲ್ಲಿದರೆ ಅದು ಮಾವು ಆಗುವುದಿಲ್ಲ, ರೋಗ ಬಂದ ಗಿಡದಂತೆ ಕಾಣುತ್ತದೆ. ಹಾಗಾಗಿ ತುದಿಯಿಂದ ಎಷ್ಟು ದೂರ ಎಂಬ ಅಳತೆಯಿಂದ ಬಣ್ಣವನ್ನೂ ಗಾತ್ರವನ್ನೂ ಜೋಲುವಿಕೆಯನ್ನೂ ನಿರ್ಧರಿಸಿ, ಅದರ ಮೇಲೆ ಸ್ವಲ್ಪವೇ ಏರುಪೇರು ಸೇರಿಸಬೇಕು. ಎಲೆಗೆ ಇನ್ನೊಂದು ಅನುಕೂಲವಿದೆ: ಎಡಬಲ ಮಗುಚಿದರೂ ಅದು ಎಲೆಯೇ. ಮೂರು ಮಾದರಿಗಳನ್ನು ಮಗುಚಿದರೆ ಆರಾಗುತ್ತವೆ. ಪುಸ್ತಕವನ್ನು ಹಾಗೆ ಮಗುಚಿದರೆ ಅಕ್ಷರಗಳು ಉಲ್ಟಾ ಆಗುತ್ತವೆ.

ಎಲ್ಲ ಮುಗಿದ ಮೇಲೆ ಪರೀಕ್ಷೆ. ಗಂಟೆಗಟ್ಟಲೆ ನೋಡಿದ ಕಣ್ಣಿಗೆ ತಪ್ಪು ಕಾಣುವುದಿಲ್ಲ, ಅದಕ್ಕೆ ಚಿತ್ರವನ್ನು ಅಪರಿಚಿತ ಮಾಡಿಕೊಳ್ಳಬೇಕು. ಮೊದಲು ಬಣ್ಣ ತೆಗೆದು ಬರಿಯ ಬೂದಿಯಲ್ಲಿ ನೋಡಿ. ಆಕಾರದ ಪುನರಾವರ್ತನೆ ಬಣ್ಣದ ಹಿಂದೆ ಅಡಗಿದ್ದರೆ ಅದು ಆಗ ಹೊರಬರುತ್ತದೆ. ಆಮೇಲೆ ಚಿತ್ರವನ್ನು ಅಂಚೆಚೀಟಿಯಷ್ಟು ಚಿಕ್ಕದು ಮಾಡಿ. ಬಿಡಿ ವಸ್ತುಗಳು ಕರಗಿ, ಪಟ್ಟೆಗಳೋ ಕಂಬಗಳೋ ಇದ್ದರೆ ಅವು ಮಾತ್ರ ಉಳಿಯುತ್ತವೆ. ಕೊನೆಗೆ ಎಡಬಲ ತಿರುಗಿಸಿ ಮತ್ತೊಮ್ಮೆ ನೋಡಿ.

ಇಷ್ಟಾದರೂ ಒಂದೆರಡು ಕಡೆ ಅವಳಿಗಳು ಉಳಿದೇ ಇರುತ್ತವೆ. ಅವನ್ನು ಓಡಿಸಲು ಸೀಡ್ ಬದಲಾಯಿಸುತ್ತಾ ಕೂತರೆ ಒಂದು ಕಡೆ ಸರಿಹೋಗಿ ಇನ್ನೊಂದು ಕಡೆ ಹೊಸದು ಹುಟ್ಟುತ್ತದೆ. ಮಧ್ಯದಲ್ಲಿ ಒಂದು ಪುಸ್ತಕವನ್ನು ಅಳಿಸಿದರೂ ತೊಂದರೆಯೇ, ಅದರ ಮುಂದಿನ ಎಲ್ಲವುಗಳ ಕ್ರಮಸಂಖ್ಯೆ ಸರಿದು ಸಾಲಿನ ಉಳಿದ ಭಾಗವೆಲ್ಲ ಬಣ್ಣ ಬದಲಿಸುತ್ತದೆ. ಅದಕ್ಕಿಂತ ಒಂದು ಸೀಡನ್ನು ಒಪ್ಪಿಕೊಂಡು, ಕ್ಯಾಮೆರಾ ಎಲ್ಲಿ ನಿಲ್ಲುತ್ತದೆ, ಬೆಳಕು ಎಲ್ಲಿ ಬೀಳುತ್ತದೆ ಎಂದು ನೋಡಿ, ಆ ಜಾಗದ ನಾಲ್ಕೈದು ಪುಸ್ತಕಗಳನ್ನು ಮಾತ್ರ ಕೈಯಿಂದ ಮಾಡಿದ ಬೇರೆ ಪುಸ್ತಕಗಳಿಂದ ಮರೆಮಾಡುವುದು ಒಳ್ಳೆಯದು. ಆರಂಭದಲ್ಲಿ ಬೇಡವೆಂದು ಬದಿಗಿಟ್ಟ ಹರಿದ ತುದಿ, ಚಹಾದ ಕಲೆಗಳನ್ನು ಹಚ್ಚಬೇಕಾದದ್ದು ಇವುಗಳ ಮೇಲೆ.